ಪೇಪರಿನಲ್ಲಿ ಇಳಿದ ಕಾಫಿ ರೇಟು ಹೋಟೆಲಿಗೆ ಯಾಕೆ ಬರುವುದಿಲ್ಲ?

ಪ್ರಶ್ನೆ: ಸರ್, ವಿಜಯಪುರದಾಗ ನಮ್ದೊಂದು ಸಣ್ಣ ಹೋಟೆಲ್ ಐತಿ. ಚಹಾದ ಗಿರಾಕಿನೇ ಜಾಸ್ತಿ, ಆದ್ರೂ ದಿನಾ ನೂರರ ಮ್ಯಾಲ ಕಾಫಿ ಹೋಗತೈತಿ. ಮುನ್ನೂರರ ಒಳಗ ಸಿಗತಿದ್ದ ಪುಡಿ ಐದನೂರು ದಾಟಿತು. ಆಮ್ಯಾಲ ಪೇಪರ್‌ನಾಗ ಕಾಫಿ ರೇಟ್ ಇಳದೈತಿ ಅಂತ ಓದಿದ್ವಿ, ಅಂಗಡ್ಯಾಗ ಕೇಳಿದ್ರ ಇಳದಿಲ್ರಿ ಅಂತಾರ. ಒಮ್ಮೆ ಬ್ರೆಜಿಲ್ ಅಂತಾರ, ಒಮ್ಮೆ ಡಾಲರ್ ಅಂತಾರ, ಒಮ್ಮೆ ಹಡಗು ಅಂತಾರ. ಕಾಫಿ ನಮ್ಮ ಚಿಕ್ಕಮಗಳೂರಾಗ ಬೆಳಿತಾರಲ್ರಿ? ಇದ್ರಾಗ ಖರೆ ಎಷ್ಟು?

ಉತ್ತರ: ಮೊದಲು ಚಿಕ್ಕಮಗಳೂರಿನ ಮಾತು. ಬೀಜ ಅಲ್ಲೇ ಬೆಳೆಯುತ್ತದೆ, ನಿಜ. ಆದರೆ ಬೆಲೆ ಅಲ್ಲಿ ಹುಟ್ಟುವುದಿಲ್ಲ. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಹಡಗು ಹತ್ತಿ ಹೊರಗೆ ಹೋಗುತ್ತದೆ. ಇಟಲಿಯವರು ನಮ್ಮ ದೊಡ್ಡ ಗಿರಾಕಿ. ಹಾಗಾಗಿ ಮೂಡಿಗೆರೆಯ ಬೆಳೆಗಾರನ ಮನೆ ಬಾಗಿಲಿಗೆ ಇಬ್ಬರು ಬರುತ್ತಾರೆ. ಒಬ್ಬ ರಫ್ತಿನವನ ಏಜೆಂಟ್. ಇನ್ನೊಬ್ಬ ನನ್ನ ಹಾಗೆ ಬೆಳಗಾವಿಯಲ್ಲಿ ಕೂತು ಹುರಿದು, ಪುಡಿ ಮಾಡಿ ಮಾರುವವನ ಏಜೆಂಟ್. ರಫ್ತಿನವನಿಗಿಂತ ಕೆಜಿಗೆ ಐದು ರೂಪಾಯಿ ಕಡಿಮೆ ಕೇಳಿದರೂ ಚೀಲ ನನಗೆ ಸಿಗುವುದಿಲ್ಲ. ಬೆಳೆಗಾರನನ್ನು ದೂರುವ ಹಾಗೂ ಇಲ್ಲ. ನಿಮ್ಮ ತಿಕೋಟಾದಲ್ಲಿ ಒಣದ್ರಾಕ್ಷಿ ಮಾಡುವವರು ತಾಸಗಾಂವ್ ಹರಾಜಿನಲ್ಲಿ ಇವತ್ತು ಏನು ರೇಟಾಯಿತು ಅಂತ ಫೋನ್ ಮಾಡಿ ಕೇಳಿಕೊಂಡೇ ಅಲ್ವಾ ವ್ಯಾಪಾರಿಗೆ ಬೆಲೆ ಹೇಳುವುದು? ಕಾಫಿಯ ತಾಸಗಾಂವ್ ಲಂಡನ್ ಮತ್ತು ನ್ಯೂಯಾರ್ಕ್‌ನಲ್ಲಿದೆ, ಅಷ್ಟೇ ವ್ಯತ್ಯಾಸ.

ಹಿಂದೆ ಹೀಗಿರಲಿಲ್ಲ. 1990ರ ದಶಕದ ಮೊದಲು ಬೆಳೆಗಾರರು ತಮ್ಮ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. ಬೋರ್ಡು ಹರಾಜು ಹಾಕುತ್ತಿತ್ತು. ಆಮೇಲೆ ಹಂತ ಹಂತವಾಗಿ ಬಿಡುವು ಕೊಟ್ಟು, 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾಡಿದರು. ಅಲ್ಲಿಂದ ಮುಂದೆ ಹೊರಗಿನ ಏರಿಳಿತ ನೇರವಾಗಿ ನಮ್ಮ ಚೀಲಕ್ಕೆ ಬಂತು.

ಈಗ ಒಂದು ಮುಖ್ಯ ವಿಷಯ. ಕಾಫಿಯಲ್ಲಿ ಎರಡು ಜಾತಿ, ಅರೇಬಿಕಾ ಮತ್ತು ರೋಬಸ್ಟಾ. ಅರೇಬಿಕಾ ರೇಟು ನ್ಯೂಯಾರ್ಕ್‌ನಲ್ಲಿ, ಪೌಂಡಿಗೆ ಇಷ್ಟು ಸೆಂಟ್ ಅಂತ ನಡೆಯುತ್ತದೆ. ರೋಬಸ್ಟಾ ರೇಟು ಲಂಡನ್‌ನಲ್ಲಿ, ಟನ್ನಿಗೆ ಇಷ್ಟು ಡಾಲರ್ ಅಂತ ನಡೆಯುತ್ತದೆ. ಪೇಪರಿನವರು ‘ಕಾಫಿ ಬೆಲೆ ಕುಸಿತ’ ಅಂತ ಬರೆದಾಗ ಬಹಳ ಸಲ ಅದು ನ್ಯೂಯಾರ್ಕಿನ ಅರೇಬಿಕಾ ಆಗಿರುತ್ತದೆ. ನಿಮ್ಮ ಹೋಟೆಲಿಗೆ ಬರುವ ಪುಡಿಯಲ್ಲಿ ಇರುವುದು ಜಾಸ್ತಿ ರೋಬಸ್ಟಾ. ಡಿಕಾಕ್ಷನ್ ಗಟ್ಟಿ ಇಳಿಯುತ್ತದೆ, ಹಾಲಿಗೆ ತಡೆಯುತ್ತದೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಹಾಗಾಗಿ ನೀವು ನೋಡಬೇಕಾದದ್ದು ಲಂಡನ್. 2025ರ ಸೆಪ್ಟೆಂಬರ್‌ನಲ್ಲಿ ಬಂದ ಇನ್ನೊಂದು ಸುದ್ದಿಯೂ ಕೆಲವರಿಗೆ ಗೊಂದಲ ಮಾಡಿತು. ಆಗ ಜಿಎಸ್‌ಟಿ 18ರಿಂದ 5ಕ್ಕೆ ಇಳಿದದ್ದು ಇನ್‌ಸ್ಟಂಟ್ ಕಾಫಿಗೆ. ಅದನ್ನು ಹಿಡಿದುಕೊಂಡು ಫಿಲ್ಟರ್ ಪುಡಿಯ ಅಂಗಡಿಯಲ್ಲಿ ಜಗಳ ತೆಗೆದವರನ್ನು ನಾನೇ ನೋಡಿದ್ದೇನೆ.

ಖರೆ ಎಷ್ಟು ಅಂತ ಕೇಳಿದಿರಿ. ಒಂದು ಕೆಜಿ ಪುಡಿ ತೆಗೆದುಕೊಂಡು ಲೆಕ್ಕ ಹಾಕಿಯೇ ನೋಡೋಣ. ಹೋಟೆಲಿನವರು ಜಾಸ್ತಿ ಒಯ್ಯುವ 70:30 ಮಿಶ್ರಣ ಇರಲಿ. ಅಂದರೆ 700 ಗ್ರಾಂ ಕಾಫಿ, 300 ಗ್ರಾಂ ಚಿಕೋರಿ. ಕಾಫಿ ಪೂರ್ತಿ ರೋಬಸ್ಟಾ ಅಂತ ಇಟ್ಟುಕೊಳ್ಳಿ.

ಹುರಿದ ಕಾಫಿ 700 ಗ್ರಾಂ ಬೇಕು ಅಂದರೆ ಹಸಿ ಬೀಜ ಅದಕ್ಕಿಂತ ಜಾಸ್ತಿ ಬೇಕು. ಡ್ರಮ್ಮಿಗೆ ಹತ್ತು ಕೆಜಿ ಹಸಿ ಬೀಜ ಸುರಿದರೆ ಮೊದಲು ಹುಲ್ಲಿನ ವಾಸನೆ ಬರುತ್ತದೆ, ನೀರಿನ ಆವಿ ಹೋಗುತ್ತದೆ. ಆಮೇಲೆ ಬೀಜ ಹಳದಿಯಾಗಿ, ಕಂದಾಗಿ, ಚಟಪಟ ಅಂತ ಸಿಡಿಯುತ್ತದೆ. ತೆಳ್ಳಗಿನ ಸಿಪ್ಪೆ ಹಾರಿ ಹೋಗುತ್ತದೆ. ಕೆಳಗೆ ಸುರಿದು ತೂಗಿದರೆ ಎಂಟೂಕಾಲು, ಎಂಟೂವರೆ ಕೆಜಿ. ನಮ್ಮ ಕಡೆಯವರು ಕೇಳುವ ಹಾಗೆ ಕಪ್ಪಗೆ ಹುರಿದರೆ ಇನ್ನೂ ಕಡಿಮೆ. ಒಂದು ಕೆಜಿ ಹುರಿದ ಕಾಫಿಗೆ 1.2 ಕೆಜಿ ಹಸಿ ಬೀಜ ಅಂತ ಹಿಡಿದರೆ, ನಮ್ಮ 700 ಗ್ರಾಮಿಗೆ ಬೇಕಾದದ್ದು 840 ಗ್ರಾಂ.

ಇನ್ನು ಬೀಜದ ಬೆಲೆ. 2023ರ ಶುರುವಿನಲ್ಲಿ ಲಂಡನ್ ರೋಬಸ್ಟಾ ಟನ್ನಿಗೆ 2,000 ಡಾಲರ್ ಆಸುಪಾಸಿನಲ್ಲಿತ್ತು. ಡಾಲರಿಗೆ 82 ರೂಪಾಯಿ. ಕೆಜಿಗೆ 164 ರೂಪಾಯಿ ಆಯಿತು. 2025ರ ಫೆಬ್ರವರಿಗೆ ಅದೇ ರೋಬಸ್ಟಾ 5,500 ಡಾಲರ್ ದಾಟಿತು, ಡಾಲರ್ 87 ರೂಪಾಯಿ ಆಗಿತ್ತು. 5,500ಕ್ಕೇ ಲೆಕ್ಕ ಹಿಡಿದರೂ ಕೆಜಿಗೆ 478. ಅದೇ ವರ್ಷ ಜುಲೈ ಹೊತ್ತಿಗೆ 3,300ಕ್ಕೆ ಬಿತ್ತು, ಡಾಲರಿಗೆ 86ರ ಲೆಕ್ಕದಲ್ಲಿ ಕೆಜಿಗೆ 284. ಗುಣಮಟ್ಟ ನೋಡಿ ನಮ್ಮ ಬೀಜಕ್ಕೆ ಲಂಡನ್‌ಗಿಂತ ಮೇಲೆ ಸ್ವಲ್ಪ ಸಿಗುವುದೂ ಉಂಟು. ಲೆಕ್ಕ ಸರಳ ಇರಲಿ ಅಂತ ಅದನ್ನು ಇಲ್ಲಿ ಬಿಟ್ಟಿದ್ದೇನೆ.

ನಿಮ್ಮ ಒಂದು ಕೆಜಿ ಪುಡಿಯೊಳಗಿನ 840 ಗ್ರಾಂ ಹಸಿ ಬೀಜದ ಬೆಲೆ ಹಾಗಾದರೆ ಎಷ್ಟಾಯಿತು? ಮೊದಲು 138 ರೂಪಾಯಿ, ಆಮೇಲೆ 402, ಆಮೇಲೆ 239. ಚಿಕೋರಿ, ಗ್ಯಾಸು, ಕರೆಂಟು, ಕೂಲಿ, ಪ್ಯಾಕಿಂಗ್, ಲಾರಿ, ನನ್ನ ಲಾಭ, ನಿಮ್ಮೂರಿನ ಅಂಗಡಿಯವನ ಲಾಭ ಎಲ್ಲ ಸೇರಿ 150 ರೂಪಾಯಿ ಅಂತ ಇಟ್ಟುಕೊಳ್ಳಿ. ಇದು ಒಬ್ಬೊಬ್ಬರಲ್ಲಿ ಒಂದೊಂದು ಥರ, ಆದರೆ ಬೀಜದ ಹಾಗೆ ಕುಣಿಯುವುದಿಲ್ಲ. ಆಗ ಪುಡಿಯ ಬೆಲೆ 288, 552, 389. ನೀವು ಹೇಳಿದ ‘ಮುನ್ನೂರರ ಒಳಗ’ ಮತ್ತು ‘ಐದನೂರು ದಾಟಿತು’ ಎರಡೂ ಈ ಲೆಕ್ಕಕ್ಕೆ ಕೂಡುತ್ತವೆ. ಅಂದರೆ ಏರಿಕೆ ಖರೆ. ಯಾರೋ ವಿಜಯಪುರದಲ್ಲಿ ಕೂತು ಏರಿಸಿದ್ದಲ್ಲ.

ಇನ್ನೊಂದು ಗಮನಿಸಿ. ಬೀಜ ಸುಮಾರು ಮೂರು ಪಟ್ಟಾಯಿತು, ಪುಡಿ ಎರಡು ಪಟ್ಟು ಕೂಡ ಆಗಲಿಲ್ಲ. ಬದಲಾಗದ ಆ 150 ರೂಪಾಯಿಯೇ ಏರಿಕೆಯ ಪೆಟ್ಟನ್ನು ತಗ್ಗಿಸಿತು. ಇಳಿಯುವಾಗಲೂ ಅದೇ ಅಡ್ಡ ನಿಲ್ಲುತ್ತದೆ. ಲಂಡನ್‌ನಲ್ಲಿ ನೂರಕ್ಕೆ ನಲವತ್ತು ಇಳಿಯಿತು ಅಂತ ಓದಿದರೆ ಪುಡಿ ನೂರಕ್ಕೆ ಮೂವತ್ತು ಇಳಿಯಬಹುದು. ಅದಕ್ಕಿಂತ ಜಾಸ್ತಿ ಇಳಿಯಲು ದಾರಿಯೇ ಇಲ್ಲ.

ಆ 2,000 ಡಾಲರ್ 5,500 ಆದದ್ದು ಹೇಗೆ? ಇಲ್ಲಿ ಹವಾಮಾನ ಬರುತ್ತದೆ. ನಿಮ್ಮ ಅಂಗಡಿಯವರು ಬ್ರೆಜಿಲ್ ಹೆಸರು ಹೇಳಿದ್ದು ಅರ್ಧ ಸರಿ. ರೋಬಸ್ಟಾದ ಕಥೆಯಲ್ಲಿ ದೊಡ್ಡ ಪಾತ್ರ ವಿಯೆಟ್ನಾಮಿನದು. ಜಗತ್ತಿನಲ್ಲಿ ಅತಿ ಹೆಚ್ಚು ರೋಬಸ್ಟಾ ಬೆಳೆಯುವುದು ಆ ದೇಶ. ಅಲ್ಲಿನ ಮಧ್ಯದ ಎತ್ತರದ ನಾಡಿನಲ್ಲಿ, ಡಾಕ್ ಲಾಕ್ ಸುತ್ತಮುತ್ತ, ಜನವರಿಯಿಂದ ಏಪ್ರಿಲ್‌ವರೆಗೆ ಒಣಹವೆ. ಆಗ ಬೋರ್‌ವೆಲ್, ಕೆರೆ ನೀರು ಕೊಟ್ಟು ಹೂ ಅರಳಿಸುತ್ತಾರೆ. ಎಲ್ ನಿನೋ ಬಂದ 2024ರ ಬೇಸಿಗೆಯಲ್ಲಿ ಆ ನೀರೇ ಸಾಲದಾಯಿತು. ಅದಕ್ಕೂ ಮುಂಚೆ ಕೆಲವು ವರ್ಷಗಳಿಂದ ಅಲ್ಲಿನ ರೈತರು ಕಾಫಿ ಗಿಡ ಕಿತ್ತು ಡುರಿಯನ್ ಹಣ್ಣು ಹಾಕುತ್ತಿದ್ದರು. ಚೀನಾದವರು ಅದಕ್ಕೆ ಒಳ್ಳೆ ದುಡ್ಡು ಕೊಡುತ್ತಿದ್ದರು. ಹೀಗೆ ತೋಟ ಕಡಿಮೆ, ಇದ್ದ ತೋಟಕ್ಕೆ ನೀರು ಕಡಿಮೆ. ರೇಟು ಏರುವುದು ಕಂಡ ರೈತರು ಬೀಜ ಮನೆಯಲ್ಲೇ ಇಟ್ಟುಕೊಂಡರು. ಹಳೇ ರೇಟಿಗೆ ಕೊಡುತ್ತೇವೆ ಅಂತ ಒಪ್ಪಿದ್ದ ಕೆಲವರು ಮಾತು ತಪ್ಪಿದರು. ಒಪ್ಪಂದದ ಮಾಲು ಬರದೆ ಹೋದ ವ್ಯಾಪಾರಿಗಳು ಸಿಕ್ಕ ಕಡೆ, ಸಿಕ್ಕ ರೇಟಿಗೆ ಕೊಂಡರು. ನಮ್ಮ ಕೊಡಗು, ಹಾಸನದ ಚೀಲಗಳ ಕಡೆಗೂ ಆಗಲೇ ತಿರುಗಿದರು. ಆ ವರ್ಷವೇ ನಮ್ಮಲ್ಲಿ 50 ಕೆಜಿ ರೋಬಸ್ಟಾ ಚೆರಿ ಚೀಲದ ಬೆಲೆ 10,000 ರೂಪಾಯಿ ದಾಟಿದ್ದು. ಆ ಚೀಲದಲ್ಲಿ ಒಣಗಿದ ಹಣ್ಣು ಸಿಪ್ಪೆ ಸಮೇತ ಇರುತ್ತದೆ, ಕ್ಯೂರಿಂಗ್ ವರ್ಕ್ಸಿನಲ್ಲಿ ಹೊಡೆಸಿದರೆ ಸಿಗುವ ಬೀಜ 26-27 ಕೆಜಿ. ಪೇಪರಿನಲ್ಲಿ ಚೀಲದ ರೇಟು ನೋಡಿ ಐವತ್ತರಿಂದ ಭಾಗಿಸಬೇಡಿ. ಬೀಜದ ಬೆಲೆ ಅದರ ಹತ್ತಿರ ಹತ್ತಿರ ಎರಡರಷ್ಟು.

ಬ್ರೆಜಿಲ್ ಹೆದರಿಸುವುದು ಬೇರೆ ರೀತಿ. ಅಲ್ಲಿ ಜೂನ್‌ನಿಂದ ಆಗಸ್ಟ್ ಚಳಿಗಾಲ. 2021ರ ಜುಲೈ 20ರ ಬೆಳಗ್ಗೆ ಮಿನಾಸ್ ಜೆರಾಯಿಸ್ ರಾಜ್ಯದ ದಕ್ಷಿಣದಲ್ಲಿ ಹಿಮ ಬಿತ್ತು, ಎಲೆಗಳು ಬೆಂದ ಹಾಗೆ ಕಪ್ಪಾದವು. ಆ ಸಾಲಿನ ಹಣ್ಣಿಗೆ ಅಂಥ ಏಟು ಬೀಳಲಿಲ್ಲ, ಕೊಯ್ಲು ಬಹಳಷ್ಟು ಮುಗಿದಿತ್ತು. ಹೋದದ್ದು ಮುಂದಿನ ವರ್ಷ ಹೂ ಬಿಡಬೇಕಾದ ರೆಂಬೆ. ಬುಡದವರೆಗೆ ಸುಟ್ಟ ಗಿಡ ಕಿತ್ತು ಹೊಸದು ಹಾಕಿದರೆ ಫಲಕ್ಕೆ ಮೂರು ನಾಲ್ಕು ವರ್ಷ ಕಾಯಬೇಕು. ಹಾಗಾಗಿ ಹಿಮದ ಸುದ್ದಿಗೆ ರೇಟು ಅವತ್ತೇ ಏರುತ್ತದೆ, ಬೀಜದ ಕೊರತೆ ಮಾತ್ರ ವರ್ಷದ ಮೇಲೆ ಬರುತ್ತದೆ. ಅರೇಬಿಕಾ ತುಟ್ಟಿಯಾದಾಗ ಯುರೋಪಿನ ದೊಡ್ಡ ಕಂಪನಿಗಳು ಮಿಶ್ರಣದಲ್ಲಿ ರೋಬಸ್ಟಾ ಏರಿಸುತ್ತವೆ. ಆಗ ಲಂಡನ್ ಕೂಡ ಏರುತ್ತದೆ. ಬ್ರೆಜಿಲ್ ಹಿಮ ವಿಜಯಪುರಕ್ಕೆ ಬರುವ ಸುತ್ತುದಾರಿ ಇದು.

ನಮ್ಮ ಮಲೆನಾಡಿನ ಮಳೆ ಏನೂ ಅಲ್ವಾ ಅಂತ ಕೇಳಬಹುದು. ಬೆಳೆಗಾರನಿಗೆ ಅದೇ ಎಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ವಾರ ಎಂಟು ದಿನದಲ್ಲಿ ರೋಬಸ್ಟಾ ತೋಟ ಬೆಳ್ಳಗಾಗುತ್ತದೆ. ಮತ್ತೆ ಕೆಲವು ವಾರಕ್ಕೆ ಇನ್ನೊಂದು ಮಳೆ ಬಂದರೆ ಕಾಯಿ ಕಚ್ಚುತ್ತದೆ. ಹೂಮಳೆ ಕಡಿಮೆ ಬಿದ್ದು ಅರ್ಧ ಅರಳಿದರೆ ಆ ವರ್ಷ ಕೆಟ್ಟಿತು. ಡಿಸೆಂಬರ್‌ನಲ್ಲಿ ಕಣದ ಮೇಲೆ ಹರಡಿದ ಹಣ್ಣಿಗೆ ಮಳೆ ಹೊಡೆದರೆ ಬೂಷ್ಟು ಬರುತ್ತದೆ, ಕಪ್ಪಿನಲ್ಲಿ ಮಣ್ಣಿನ ವಾಸನೆ ಬರುತ್ತದೆ. ಆದರೆ ಜಗತ್ತಿನ ಕಾಫಿಯಲ್ಲಿ ನಮ್ಮ ಪಾಲು ನೂರಕ್ಕೆ ಮೂರೂವರೆಯ ಆಸುಪಾಸು. ಕೊಡಗಿನಲ್ಲಿ ಬೆಳೆ ಅರ್ಧಕ್ಕೆ ಇಳಿದರೂ ಲಂಡನ್ ಹೆಚ್ಚೇನೂ ಅಲುಗಾಡುವುದಿಲ್ಲ. ಅದಕ್ಕೇ ಬೆಳೆ ಹೋದ ವರ್ಷವೇ ರೇಟೂ ಬಿದ್ದು ಬೆಳೆಗಾರ ಎರಡೂ ಕಡೆ ಏಟು ತಿಂದದ್ದುಂಟು. ಮಡಿಕೇರಿಯಲ್ಲಿ ಮಳೆ ಕೆಟ್ಟಿತು ಅಂತ ಹೇಳಿ ಯಾರಾದರೂ ನಿಮಗೆ ಕೆಜಿಗೆ ನೂರು ರೂಪಾಯಿ ಏರಿಸಿದರೆ, ಅದು ನಂಬುವ ಮಾತಲ್ಲ.

ಡಾಲರಿನ ಮಾತು ಖರೆ, ಆದರೆ ಅದರ ಅಳತೆ ಗೊತ್ತಿರಲಿ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು. ಒಂದು ವರ್ಷದ ಹಿಂದೆ 84-85 ಇತ್ತು. ಲಂಡನ್ ರೇಟು 4,000 ಡಾಲರಿನಲ್ಲಿ ಅಲುಗದೆ ನಿಂತಿದೆ ಅಂತ ಇಟ್ಟುಕೊಳ್ಳಿ. 84ರ ಲೆಕ್ಕಕ್ಕೆ ಹಸಿ ಬೀಜ ಕೆಜಿಗೆ 336. 90ರ ಲೆಕ್ಕಕ್ಕೆ 360. ನಿಮ್ಮ ಒಂದು ಕೆಜಿ ಪುಡಿಗೆ 20 ರೂಪಾಯಿ ಏರಿತು. ಎಲ್ಲೂ ಮಳೆ ತಪ್ಪಿಲ್ಲ, ಒಂದು ಗಿಡವೂ ಸತ್ತಿಲ್ಲ, ಬೀಜ ದೇಶದ ಗಡಿಯನ್ನೂ ದಾಟಿಲ್ಲ. ಆದರೂ ಏರಿತು. ಕಾರಣ ಮೊದಲೇ ಹೇಳಿದ್ದು: ಬೆಳೆಗಾರನಿಗೆ ಡಾಲರಿನಲ್ಲಿ ಕೊಡುವ ಗಿರಾಕಿ ಬಾಗಿಲಲ್ಲೇ ನಿಂತಿದ್ದಾನೆ.

ಡಾಲರಿಗೆ ಇನ್ನೊಂದು ಮುಖವೂ ಇದೆ. ಬ್ರೆಜಿಲ್ ರೈತ ಕೂಲಿ ಕೊಡುವುದು, ಗೊಬ್ಬರದ ಅಂಗಡಿಗೆ ಸಾಲ ತೀರಿಸುವುದು ರಿಯಾಲ್ ಅನ್ನುವ ಅವರ ನೋಟಿನಲ್ಲಿ. ಡಾಲರ್ ಮುಂದೆ ರಿಯಾಲ್ ಬಿದ್ದರೆ ಅದೇ ಒಂದು ಚೀಲಕ್ಕೆ ಅವನ ಕೈಗೆ ಜಾಸ್ತಿ ರಿಯಾಲ್ ಬರುತ್ತವೆ. ಅವನು ಖುಷಿಯಿಂದ ಮಾರುತ್ತಾನೆ. ಎಲ್ಲರೂ ಮಾರತೊಡಗಿದರೆ ಡಾಲರ್ ಲೆಕ್ಕದ ರೇಟು ಇಳಿಯುತ್ತದೆ. ರಿಯಾಲ್ ಗಟ್ಟಿಯಾದರೆ ಇದೇ ತಿರುಗುಮುರುಗು, ಚೀಲ ಗೋದಾಮಿನಲ್ಲೇ ಉಳಿಯುತ್ತದೆ. ಹಾಗಾಗಿ ಡಾಲರ್ ಜಗತ್ತಿನ ಎಲ್ಲ ನೋಟುಗಳ ಮುಂದೆ ಒಟ್ಟಿಗೆ ಏರಿದಾಗ ನಮ್ಮಲ್ಲಿ ಒಂದು ಕೈ ರೇಟು ಏರಿಸುತ್ತದೆ, ಇನ್ನೊಂದು ಕೈ ಇಳಿಸುತ್ತದೆ. ರೂಪಾಯಿ ಒಂದೇ ಬಿದ್ದು ರಿಯಾಲ್ ಗಟ್ಟಿ ಉಳಿದರೆ ಮಾತ್ರ ನಮಗೆ ಪೂರ್ತಿ ಏಟು.

ಹಡಗಿನ ವಿಷಯದಲ್ಲೇ ಜಾಸ್ತಿ ಗಾಳಿಮಾತು ಇರುವುದು. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಯೆಮೆನ್ ದೇಶದ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರು ಮಾಡಿದರು. ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋದವು. ದಾರಿ ಹತ್ತು ದಿನ, ಎರಡು ವಾರ ಜಾಸ್ತಿಯಾಯಿತು. ಬಾಡಿಗೆ ಹಲವು ಪಟ್ಟಾಯಿತು. ಸರಿ, ಆದರೆ ಕೆಜಿಗೆ ಎಷ್ಟು? ಇಪ್ಪತ್ತು ಅಡಿ ಕಂಟೇನರಿನಲ್ಲಿ ಸುಮಾರು 19 ಟನ್ ಕಾಫಿ ಹಿಡಿಯುತ್ತದೆ. ಬಾಡಿಗೆ ಒಂದೇಟಿಗೆ 3,000 ಡಾಲರ್ ಏರಿತು ಅಂತ ಇಟ್ಟುಕೊಂಡರೂ ಟನ್ನಿಗೆ 160 ಡಾಲರ್ ಹತ್ತಿರ. ಕೆಜಿಗೆ 13-14 ರೂಪಾಯಿ. ಬೀಜದ ಬೆಲೆ ಮುನ್ನೂರು ರೂಪಾಯಿ ಏರಿದ ಕಾಲದಲ್ಲಿ ಇದು ದೊಡ್ಡ ಮೊತ್ತ ಅಲ್ಲ.

ಅದಕ್ಕಿಂತ ಮುಖ್ಯ, ಈ ಹದಿಮೂರು ರೂಪಾಯಿ ಯಾರ ತಲೆ ಮೇಲೆ ಬೀಳುತ್ತದೆ ಅನ್ನುವುದು. ಚಿಕ್ಕಮಗಳೂರಿನಿಂದ ನನ್ನ ಅಂಗಡಿಗೆ, ಅಲ್ಲಿಂದ ನಿಮ್ಮ ಹೋಟೆಲಿಗೆ ಬರುವ ಕಾಫಿ ಹಡಗು ಹತ್ತುವುದೇ ಇಲ್ಲ. ಹಡಗಿನ ಬಾಡಿಗೆ ಏರಿದರೆ ಅದನ್ನು ಕಟ್ಟಬೇಕಾದ ರಫ್ತಿನವನು ಬೆಳೆಗಾರನಿಗೆ ಅಷ್ಟು ಕಡಿಮೆ ಹೇಳುತ್ತಾನೆ. ಅಂದರೆ ಸುಮ್ನೆ ಹಡಗಿನ ಲೆಕ್ಕ ಒಂದನ್ನೇ ಹಿಡಿದರೆ ನಮ್ಮೂರಲ್ಲಿ ರೇಟು ಸ್ವಲ್ಪ ಇಳಿಯಬೇಕು! 2024ರಲ್ಲಿ ಹಾಗಾಗಲಿಲ್ಲ, ಯಾಕೆಂದರೆ ಏಷ್ಯಾದಿಂದ ಮಾಲು ತಡವಾಗಿ ಮುಟ್ಟಿ ಯುರೋಪಿನ ಗೋದಾಮುಗಳು ತೆಳುವಾದವು. ವಿಯೆಟ್ನಾಮಿನ ಕೊರತೆಯ ಜೊತೆ ಇದೂ ಸೇರಿ ಲಂಡನ್ ಏರಿತು. ಆ ಏರಿಕೆ ಬಾಡಿಗೆಯ ಇಳಿಕೆಯನ್ನು ನುಂಗಿಬಿಟ್ಟಿತು. ಹಾಗಾಗಿ ‘ಹಡಗಿನ ಬಾಡಿಗೆ ಜಾಸ್ತಿ ಆತ್ರಿ, ಅದಕ್ಕ ಪುಡಿ ತುಟ್ಟಿ’ ಅಂತ ಯಾರಾದರೂ ನೇರವಾಗಿ ಹೇಳಿದರೆ ನಗಬಹುದು. ಲಾರಿ ಬಾಡಿಗೆಯ ನೆಪವೂ ಅಷ್ಟೇ. ಹಾಸನದಿಂದ ಹುಬ್ಬಳ್ಳಿ ಮೇಲೆ ವಿಜಯಪುರಕ್ಕೆ ಬರುವ ಬಾಡಿಗೆ ಕೆಜಿಗೆ ಕೆಲವೇ ರೂಪಾಯಿ. ಡೀಸೆಲ್ ಏರಿದರೆ ಅದರಲ್ಲಿ ಏರುವುದು ಪೈಸೆಗಳು.

ಹೊರಗಿನ ಅಗ್ಗದ ಬೀಜ ತರಿಸಬಾರದಾ ಅಂತ ಕೆಲವರು ಕೇಳುತ್ತಾರೆ. ಇಲ್ಲಿ ಮಾರಲು ತರಿಸಿದರೆ ಆಮದು ಸುಂಕ ಭಾರಿ. ನಮ್ಮಂಥ ಸಣ್ಣವರಿಗೆ ಆ ದಾರಿ ಇಲ್ಲ.

ಇನ್ನು ನಿಮ್ಮ ನಿಜವಾದ ಸಿಟ್ಟಿಗೆ ಬರುತ್ತೇನೆ. ಏರುವಾಗ ಓಡುವ ರೇಟು ಇಳಿಯುವಾಗ ಯಾಕೆ ತೆವಳುತ್ತದೆ?

ನಮ್ಮ ಕಡೆ ರೋಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್. ಕ್ಯೂರಿಂಗ್ ಆಗಿ, ಗ್ರೇಡ್ ಆಗಿ ಚೀಲ ಬರುವ ಹೊತ್ತಿಗೆ ಹುರಿಯುವವರು ನಾಲ್ಕೈದು ತಿಂಗಳಿಗೆ ಬೇಕಾದಷ್ಟು ಕೊಂಡು ಇಡುತ್ತಾರೆ. 2025ರ ಫೆಬ್ರವರಿಯಲ್ಲಿ ಒಬ್ಬ ಹೀಗೆ 478ರ ರೇಟಿಗೆ ಕೊಂಡ ಅಂತ ಹಿಡಿಯಿರಿ. ಜುಲೈನಲ್ಲಿ ಪೇಪರು 284 ಅನ್ನುತ್ತದೆ. ಅವನ ಗೋದಾಮಿನಲ್ಲಿ ಇನ್ನೂ 478ರ ಚೀಲವೇ ಇದೆ, ಬ್ಯಾಂಕಿನ ಬಡ್ಡಿಯೂ ಓಡುತ್ತಿದೆ. ಹೊಸ ರೇಟಿಗೆ ಪುಡಿ ಮಾರಿದರೆ ಪ್ರತಿ ಕೆಜಿಗೆ 160 ರೂಪಾಯಿಯ ಮೇಲೆ ಕೈಯಿಂದ ಹೋಗುತ್ತದೆ. ಹಳೇ ಮಾಲು ಖಾಲಿಯಾಗುವ ತನಕ ಅವನು ಇಳಿಸುವುದಿಲ್ಲ.

ಹಾಗಾದರೆ ಏರುವಾಗಲೂ ಹಳೇ ಮಾಲು ಇತ್ತಲ್ಲ, ಆಗ ಯಾಕೆ ಕೂಡಲೇ ಏರಿಸಿದ? ಇದು ನ್ಯಾಯವಾದ ಪ್ರಶ್ನೆ. ಅವನ ಉತ್ತರ ಹೀಗಿರುತ್ತದೆ: ‘ಇವತ್ತು ಮಾರಿದ ಚೀಲದ ಜಾಗಕ್ಕೆ ನಾಳೆ ಹೊಸ ರೇಟಿನ ಚೀಲ ತರಬೇಕು, ಹಳೇ ರೇಟಿಗೆ ಮಾರಿದರೆ ದುಡ್ಡು ಸಾಲುವುದಿಲ್ಲ.’ ಸುಳ್ಳಲ್ಲ. ಆದರೆ ಏರುವಾಗ ಮುಂದಿನ ಚೀಲದ ಲೆಕ್ಕ, ಇಳಿಯುವಾಗ ಹಿಂದಿನ ಚೀಲದ ಲೆಕ್ಕ ಹಿಡಿದರೆ ನಡುವಿನಲ್ಲಿ ಒಂದಿಷ್ಟು ಲಾಭ ಉಳಿಯುತ್ತದೆ. ನನ್ನ ವೃತ್ತಿಯವರೇ ಆದರೂ ಹೇಳುತ್ತೇನೆ, ಅದು ನಡೆಯುತ್ತದೆ. ಪೈಪೋಟಿ ಜಾಸ್ತಿ ಇರುವ ಕಡೆ ಈ ಲಾಭ ಬೇಗ ಕರಗುತ್ತದೆ. ಮೈಸೂರಿನಲ್ಲಿ ಬೀದಿಗೊಂದು ಪುಡಿ ಅಂಗಡಿ ಇದೆ, ಒಬ್ಬ ಇಳಿಸಿದರೆ ಪಕ್ಕದವನೂ ಇಳಿಸಬೇಕು. ನಮ್ಮ ಕಡೆ ಚಹಾದ ನಾಡು, ಕಾಫಿ ಪುಡಿಯವರು ಬೆರಳೆಣಿಕೆ. ಇಳಿಕೆ ನಮಗೆ ತಡವಾಗಿ ಮುಟ್ಟಲು ಇದೂ ಒಂದು ಕಾರಣ.

ಜುಲೈನಲ್ಲಿ ಇಳಿದದ್ದು ನಿಲ್ಲಲೂ ಇಲ್ಲ. ಆಗಸ್ಟ್‌ನಲ್ಲಿ ಅಮೆರಿಕದವರು ಬ್ರೆಜಿಲ್ ಮಾಲಿನ ಮೇಲೆ ನೂರಕ್ಕೆ ಐವತ್ತು ಸುಂಕ ಹಾಕಿದರು, ಕಾಫಿಯೂ ಅದರಲ್ಲಿತ್ತು. ಅಲ್ಲಿನವರು ಬೇರೆ ದೇಶಗಳ ಬೀಜಕ್ಕೆ ಮುಗಿಬಿದ್ದರು. ಅದೇ ತಿಂಗಳು ಲಂಡನ್ ಮತ್ತೆ 4,500 ದಾಟಿತು. ನವೆಂಬರ್‌ನಲ್ಲಿ ಕಾಫಿಗೆ ಆ ಸುಂಕ ತೆಗೆದರು. ಹೀಗೆ ಹಳೇ ದುಬಾರಿ ಮಾಲು ಮುಗಿಸಿ ಇನ್ನೇನು ಇಳಿಸಬೇಕು ಅನ್ನುವಷ್ಟರಲ್ಲಿ ಹೊಸ ಮಾಲೂ ದುಬಾರಿಯೇ ಆಯಿತು. ನೀವು ಓದಿದ ಇಳಿಕೆ ಖರೆ, ನಿಮ್ಮ ಅಂಗಡಿಯವನು ಇಳಿಸದಿದ್ದದ್ದಕ್ಕೂ ಕಾರಣ ಇತ್ತು. ನನ್ನ ಅಂದಾಜಿನಲ್ಲಿ ಲಂಡನ್ ಇಳಿದು ಅಲ್ಲೇ ನಾಲ್ಕರಿಂದ ಆರು ತಿಂಗಳು ನಿಂತರೆ ಪುಡಿ ಇಳಿಯಲೇಬೇಕು. ಅಷ್ಟಾದರೂ ಇಳಿಸದಿದ್ದರೆ ಅಂಗಡಿ ಬದಲಿಸಿ.

ಒಂದು ಎಚ್ಚರ. ಬೀಜ ತುಟ್ಟಿಯಾದಾಗ ಕೆಲವರು ರೇಟು ಏರಿಸುವುದಿಲ್ಲ, ಮಿಶ್ರಣ ಬದಲಿಸುತ್ತಾರೆ. ಚಿಕೋರಿ ಬೆಳೆಯುವುದು ಗುಜರಾತ್, ಉತ್ತರ ಪ್ರದೇಶದಲ್ಲಿ. ಅದು ಕಾಫಿಯ ಹಾಗೆ ಲಂಡನ್ ಕೇಳಿ ಏರುವುದಿಲ್ಲ. 70:30 ಇದ್ದದ್ದು ಸದ್ದಿಲ್ಲದೆ 55:45 ಆದರೆ ರೇಟು ಅಷ್ಟೇ ಉಳಿಯುತ್ತದೆ. ಡಿಕಾಕ್ಷನ್ ಇನ್ನೂ ಕಪ್ಪಗೆ, ಗಟ್ಟಿಯಾಗಿ ಇಳಿಯುವುದರಿಂದ ಗಿರಾಕಿಗೆ ಮೊದಲು ಗೊತ್ತೂ ಆಗುವುದಿಲ್ಲ. ಕಾನೂನಿನ ಪ್ರಕಾರ ಚಿಕೋರಿ ನೂರಕ್ಕೆ 49 ದಾಟಬಾರದು, ಪಾಕೀಟಿನ ಮೇಲೆ ಎಷ್ಟಿದೆ ಅಂತ ಬರೆದಿರಬೇಕು. ಬಿಡಿ ಪುಡಿಗೆ ಆ ಬರಹ ಸಿಗುವುದಿಲ್ಲ. ಆಗ ಒಂದು ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಮೇಲೆ ಅರ್ಧ ಚಮಚ ಪುಡಿ ಉದುರಿಸಿ, ಕಲಕಬೇಡಿ. ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿ ಕಂದು ಗೆರೆ ಎಳೆಯುತ್ತಾ ಕೂಡಲೇ ತಳಕ್ಕೆ ಇಳಿಯುತ್ತದೆ. ಇದರಿಂದ ನೂರಕ್ಕೆ ಎಷ್ಟು ಅಂತ ಹೇಳಲಾಗದು. ಆದರೆ ಹಳೇ ಪುಡಿ ಒಂದು ಲೋಟದಲ್ಲಿ, ಹೊಸದು ಇನ್ನೊಂದು ಲೋಟದಲ್ಲಿ ಹಾಕಿ ಪಕ್ಕಪಕ್ಕ ಇಟ್ಟರೆ ಯಾವುದರ ನೀರು ಬೇಗ ಕಂದಾಯಿತು ಅಂತ ಕಣ್ಣಿಗೇ ಕಾಣುತ್ತದೆ. ಪ್ರತಿ ಸಲ ಹೊಸ ಮಾಲು ಬಂದಾಗ ಹಳೆಯದರ ಎರಡು ಚಮಚ ಡಬ್ಬಿಯಲ್ಲಿ ಉಳಿಸಿಕೊಳ್ಳಿ.

ಕಡೆಗೆ ಕಪ್ಪಿನ ಲೆಕ್ಕ, ನಿಮಗೆ ಬೇಕಾದದ್ದು ಇದೇ ಅಲ್ವಾ? ಹೋಟೆಲ್ ಕಪ್ಪಿಗೆ ಹತ್ತು ಗ್ರಾಂ ಪುಡಿ ಹಿಡಿದರೆ ಒಂದು ಕೆಜಿಗೆ ನೂರು ಕಪ್. ಪುಡಿ 288ರಿಂದ 552ಕ್ಕೆ ಏರಿದಾಗ ಕಪ್ಪಿಗೆ ಬಿದ್ದ ಭಾರ ಎರಡು ರೂಪಾಯಿ ಅರವತ್ತು ಪೈಸೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿತಲ್ಲ, ಕಪ್ಪಿಗೆ ನೂರು ಎಂಎಲ್ ಹಾಲು ಹಾಕಿದರೆ ಅದು ನಲವತ್ತು ಪೈಸೆ. ಎರಡೂ ಸೇರಿ ಮೂರು ರೂಪಾಯಿ. ಚಿಲ್ಲರೆಯ ತಾಪತ್ರಯಕ್ಕೆ ಎಲ್ಲರೂ ಐದು ಏರಿಸುತ್ತಾರೆ. ಪುಡಿ 389ಕ್ಕೆ ಇಳಿದರೆ ಕಪ್ಪಿಗೆ ಉಳಿಯುವುದು ಒಂದು ರೂಪಾಯಿ ಅರವತ್ತು ಪೈಸೆ. ಅಷ್ಟಕ್ಕೆ ಯಾವ ಹೋಟೆಲಿನವರೂ ಬೋರ್ಡಿನ ಮೇಲಿನ ರೇಟು ಅಳಿಸಿ ಬರೆಯುವುದಿಲ್ಲ. ನಿಮ್ಮ ಗಿರಾಕಿಗಳೂ ನಿಮ್ಮ ಬಗ್ಗೆ ಇದೇ ಪ್ರಶ್ನೆ ಕೇಳುತ್ತಿರಬಹುದು.

ಜಾಸ್ತಿ ಪುಡಿ ಕೊಂಡು ದಾಸ್ತಾನು ಮಾಡಬೇಡಿ. ಪುಡಿ ಮಾಡಿದ ಕಾಫಿಯ ಘಮ ಮೂರು ನಾಲ್ಕು ವಾರಕ್ಕೆ ಹೋಗುತ್ತದೆ. ನಿಮ್ಮೂರಿನ ಬೇಸಿಗೆಯಲ್ಲಿ ಅದಕ್ಕೂ ಮೊದಲೇ ಹೋಗುತ್ತದೆ. ಹದಿನೈದು ದಿನಕ್ಕಾಗುವಷ್ಟು ತನ್ನಿ. ರೇಟು ಮಾತಾಡುವಾಗ ಕೆಜಿಗೆ ಎಷ್ಟು ಅಂತ ಕೇಳುವ ಮೊದಲು ಮಿಶ್ರಣ ಎಷ್ಟು, ಬಿಲ್ಲಿನಲ್ಲಿ ಅದನ್ನು ಬರೆದು ಕೊಡುತ್ತೀರಾ ಅಂತ ಕೇಳಿ. ಲಂಡನ್ ರೇಟನ್ನು ತಿಂಗಳಿಗೊಮ್ಮೆ ಮೊಬೈಲಿನಲ್ಲಿ ನೋಡಿ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ, ಪಕ್ಕದಲ್ಲಿ ಡಾಲರಿನ ರೂಪಾಯಿ ಬರೆದಿಡಿ. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಹಸಿ ಬೀಜದ ಕೆಜಿ ಬೆಲೆ. ಅದಕ್ಕೆ 0.84ರಿಂದ ಗುಣಿಸಿದರೆ ನಿಮ್ಮ ಪುಡಿಯೊಳಗಿನ ಬೀಜದ ಬೆಲೆ. ಮುಂದಿನ ಸಲ ಅಂಗಡಿಗೆ ಹೋಗುವಾಗ ಆ ಅಂಕಿ ಜೇಬಿನಲ್ಲಿರಲಿ.